ಎರಡು ಕರಪತ್ರ, ಒಂದು ತಾರಸಿ

ಏಪ್ರಿಲ್ ಬಂತೆಂದರೆ ಡೊಂಬಿವಲಿಯ ನಮ್ಮ ಸೊಸೈಟಿಗೆ ಹಾಪೂಸಿನ ಪೆಟ್ಟಿಗೆಗಿಂತ ಮೊದಲು ಬರುವುದು ತಾರಸಿಯ ಸೋರಿಕೆ ನಿಲ್ಲಿಸುವವರ ಕರಪತ್ರ. ಕಾರ್ಯದರ್ಶಿಯೂ ಕೊನೆಯ ಮಹಡಿಯ ನಿವಾಸಿಯೂ ಆದ ನಾನು ಒಂದೇ ತಾರಸಿಗೆ ಎರಡು ವರ್ಷ ಇಬ್ಬರನ್ನು ಕರೆಸಿದೆ.

ಮೊದಲನೆಯವರದು 'ಮೂರು ದಿನ, ಹತ್ತು ವರ್ಷ ವಾರಂಟಿ, ಉಚಿತ ತಪಾಸಣೆ'. ತಪಾಸಣೆಯೆಂದರೆ ಟೇಪು ಹಿಡಿದು ಅಳೆದದ್ದು, ನನ್ನ ಮನೆಯ ಕಲೆಯ ಫೋಟೊ ತೆಗೆದದ್ದು, ಅಷ್ಟೇ. ಮೇ ಕೊನೆಯಲ್ಲಿ ಬೆಳಿಗ್ಗೆ ತಾರಸಿ ತೊಳೆದು ಸಂಜೆಯೇ ಬಿಳಿ ಲೇಪನ ಬಳಿದರು. ಕಣ್ಣು ಕೋರೈಸುವಂತಿತ್ತು. ಜುಲೈಯಲ್ಲಿ ಅದು ಹಪ್ಪಳದಂತೆ ಉಬ್ಬಿತು. ಮುಂಬಯಿಯ ಹಳೆಯ ತಾರಸಿಗಳಲ್ಲಿ ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರಿನ ಕೋಬಾ ಎಂಬ ಪದರ ಇರುತ್ತದೆ. ಅದು ನೀರು ಕುಡಿದು ಕುಳಿತಿರುತ್ತದೆ. ಮೇಲೆ ಮುಚ್ಚಿದರೆ ಬಿಸಿಲಿಗೆ ಆವಿ ಹೊರಬರಲು ದಾರಿಯಿಲ್ಲದೆ ಲೇಪನವನ್ನೇ ಎತ್ತುತ್ತದೆ. ವಾರಂಟಿ ಪತ್ರವನ್ನು ಆಗ ಓದಿದೆ (ಮೊದಲೇ ಓದಬೇಕಿತ್ತು): ಸಾಮಗ್ರಿಗೆ ಮಾತ್ರ, ಕೂಲಿ ನಮ್ಮದು, ನೀರು ನಿಲ್ಲುವ ಜಾಗಕ್ಕೆ ಅನ್ವಯವಿಲ್ಲ. ತಾರಸಿಯಲ್ಲಿ ಸೋರುವುದು ನೀರು ನಿಲ್ಲುವ ಜಾಗವೇ ತಾನೇ?

ಎರಡನೆಯವರು ತಪಾಸಣೆಗೇ ಹಣ ಕೇಳಿದರು, ಸಮಿತಿಯಲ್ಲಿ ಜಗಳವಾಯಿತು. ಆದರೆ ಆ ಹಣಕ್ಕೆ ಕೆಲಸ ನಡೆಯಿತು. ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚಿಗೂ ಟೇಪು ಅಂಟಿಸಿ ಒಂದು ದಿನ ಬಿಟ್ಟರು. ಅಡಿಯಲ್ಲಿ ಹನಿಗಟ್ಟಿದಲ್ಲಿ ಕೋಬಾ ಇನ್ನೂ ಒದ್ದೆ. ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದ ಗೆರೆ ಎಳೆದರು. ಆಮೇಲೆ ಇಳಿಕೊಳವೆಯ ಬಾಯಿ ಮುಚ್ಚಿ, ತಾರಸಿಯನ್ನು ಭಾಗ ಭಾಗವಾಗಿ ಕಟ್ಟಿ, ಎರಡು ಇಂಚು ನೀರನ್ನು 48 ಗಂಟೆ ನಿಲ್ಲಿಸಿದರು. ಒಂದೇ ಸಲ ಏಕೆ ತುಂಬಲಿಲ್ಲವೆಂದರೆ ಅಷ್ಟು ನೀರು ಚದರ ಮೀಟರಿಗೆ ಸುಮಾರು 50 ಕೆ.ಜಿ. ತೂಗುತ್ತದೆ, ಕಂಬಿ ತುಕ್ಕು ಹಿಡಿದ ಸ್ಲ್ಯಾಬಿಗೆ ಅದು ಅಪಾಯ. ಮೂರನೆಯ ಭಾಗ ತುಂಬಿದಾಗ ನನ್ನ ಮನೆಯಲ್ಲಿ ಹನಿ ಬಿತ್ತು. ತೂತು ಇದ್ದದ್ದು ಇಳಿಕೊಳವೆಯ ಕತ್ತಿನ ಸುತ್ತ, ಕಲೆಯಿಂದ ಆರು ಅಡಿ ಆಚೆ.

ಅವಧಿಯನ್ನೂ ಬಿಡಿಸಿ ಬರೆದಿದ್ದರು. ಟೊಳ್ಳು ಕೋಬಾ ಒಡೆದು ಹೊಸತು ತುಂಬಲು ನಾಲ್ಕು ದಿನ, ಅದಕ್ಕೆ ನೀರುಣಿಸಲು ಏಳು, ಒಣಗಲು ಕನಿಷ್ಠ ಹತ್ತು, ಲೇಪನಕ್ಕೆ ಮೂರು, ಅದು ಗಟ್ಟಿಯಾಗಲು ಒಂದು ವಾರ, ಕೊನೆಗೆ ಮತ್ತೆ ನೀರು ನಿಲ್ಲಿಸುವ ಪರೀಕ್ಷೆ. ನಡುವೆ ಮಳೆ ಬಂದರೆ ಒಣಗುವ ಲೆಕ್ಕ ಮೊದಲಿನಿಂದ. ಮುಂಬಯಿಗೆ ಮುಂಗಾರು ವಾಡಿಕೆಯಂತೆ ಜೂನ್ 11ಕ್ಕೆ ಬರುತ್ತದೆ. ಏಪ್ರಿಲ್ ದಾಟಿದರೆ ಕೆಲಸ ಒಪ್ಪುವುದಿಲ್ಲ, ತಾಡಪತ್ರಿ ಹೊದಿಸಿ ಅಕ್ಟೋಬರಿನ ನಂತರ ಕರೆಯಿರಿ ಎಂದರು. ವಾರಂಟಿ ಐದೇ ವರ್ಷ, ಆದರೆ ಕೂಲಿಯೂ ಸೇರಿ, ದೂರು ಕೊಟ್ಟ ಏಳು ದಿನದೊಳಗೆ ಬರುವ ಷರತ್ತಿನೊಂದಿಗೆ. ತಾರಸಿಗೆ ಯಾರಾದರೂ ಡಿಶ್ ಕೂರಿಸಲು ಮೊಳೆ ಹೊಡೆದರೆ ಅದು ರದ್ದು.

ಖರ್ಚು ಮೊದಲನೆಯವರ ಒಂದೂವರೆ ಪಟ್ಟು. ಛಾವಣಿ ಮಳೆಗಾಲವಿಡೀ ಒಣಗಿತ್ತು. ಪಶ್ಚಿಮದ ಕಿಟಕಿಯ ಪಕ್ಕ ಮಾತ್ರ ಆಗಸ್ಟಿನಲ್ಲಿ ಹೊಸ ಕಲೆ ಮೂಡಿತು. ಕರೆದ ಮೂರನೆಯ ದಿನ ಬಂದು ನೋಡಿ, ಅದು ಹೊರಗೋಡೆಯ ಬಿರುಕು, ತಮ್ಮ ವಾರಂಟಿಗೆ ಸೇರುವುದಿಲ್ಲ ಎಂದರು. ಪತ್ರ ತೆಗೆದು ನೋಡಿದೆ. ಹಾಗೆಯೇ ಬರೆದಿತ್ತು.