ನೋಟ್‌ಬುಕ್, ಶೀಟು, ಮೂರು ಖಾತೆ: ನಾನು ಲೆಕ್ಕ ಇಟ್ಟುನೋಡಿದ ಮೂರು ಬಗೆ

ನಾನು ಪ್ಯಾಕೆಟ್ ಡಿಸೈನ್ ಮಾಡುತ್ತೇನೆ. ಊದುಬತ್ತಿ ಪೊಟ್ಟಣ, ಸಾಂಬಾರ್ ಪುಡಿ ಡಬ್ಬಿ, ಹಪ್ಪಳದ ಕವರ್, ಇಂಥವು. ಕಂಪನಿ ಅಂತ ಏನೂ ಇಲ್ಲ, ಸ್ವಂತ ಹೆಸರಿನಲ್ಲೇ ಬಿಲ್. ಕೆಲಸದ ದುಡ್ಡು, ಮನೆಯ ದುಡ್ಡು, ತೆರಿಗೆಗೆ ಕೊಡಬೇಕಾದ ದುಡ್ಡು ಮೂರನ್ನೂ ಬೇರೆ ಮಾಡಲು ನಾನು ಮೂರು ಬಗೆಯಲ್ಲಿ ಲೆಕ್ಕ ಇಟ್ಟು ನೋಡಿದ್ದೇನೆ. ಹೋಲಿಸಲು ಸುಲಭವಾಗಲಿ ಅಂತ ಒಂದೇ ತಿಂಗಳ ಲೆಕ್ಕವನ್ನು ಮೂರರಲ್ಲೂ ತೋರಿಸುತ್ತೇನೆ.

ತಿಂಗಳು ಹೀಗಿದೆ ಅಂದುಕೊಳ್ಳಿ. ಒಂದು ಕಂಪನಿಗೆ 60,000 ರೂಪಾಯಿ ಬಿಲ್. ಅವರು ಶೇ. 10 ಟಿಡಿಎಸ್ ಹಿಡಿದು 54,000 ಹಾಕಿದರು. ಊದುಬತ್ತಿಯವರಿಂದ 45,000, ಮಸಾಲೆಯವರಿಂದ 35,000. ಇವರಿಬ್ಬರದ್ದು ಸಣ್ಣ ವ್ಯಾಪಾರ, ಟಿಡಿಎಸ್ ಹಿಡಿಯುವುದಿಲ್ಲ. ಸ್ಯಾಂಪಲ್ ಪ್ರಿಂಟು, ಸಾಫ್ಟ್‌ವೇರ್ ಚಂದಾ, ಪ್ರೆಸ್ಸಿಗೆ ಓಡಾಟ, ಫೋನು ಮತ್ತು ನೆಟ್‌ನಲ್ಲಿ ಕೆಲಸದ ಪಾಲು ಎಲ್ಲ ಸೇರಿ ಖರ್ಚು 15,000. ಮನೆಗೆ ತೆಗೆದದ್ದು 70,000.

ನೋಟ್‌ಬುಕ್

2022-23ರಲ್ಲಿ ಉದ್ದನೆ ರೂಲ್ಡ್ ಪುಸ್ತಕ ಇಟ್ಟಿದ್ದೆ. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಬರೆಯುವುದು ಬೇಗ, ಕರೆಂಟು ಬೇಡ. ಪ್ರೆಸ್ಸಿನಲ್ಲಿ ನಿಂತಲ್ಲೇ ಬರೆದುಕೊಳ್ಳಬಹುದು. ದಿನದ ಖರ್ಚು ನೆನಪಿನಿಂದ ಜಾರುವುದಿಲ್ಲ, ಇದು ನಿಜಕ್ಕೂ ದೊಡ್ಡ ಲಾಭ.

ಆದರೆ ಎರಡು ತಪ್ಪುಗಳು ವರ್ಷವಿಡೀ ನುಸುಳಿದವು. ಬ್ಯಾಂಕಿಗೆ 54,000 ಬಂದಿದೆ ಅಂತ 54,000 ಅಂತಲೇ ಬರೆದೆ. ನಮ್ಮ ಆಡಿಟರ್ ನನ್ನ ಹೆಸರಲ್ಲಿ ಹಿಡಿದ ಟಿಡಿಎಸ್ ಎಲ್ಲ ಕಾಣುವ 26AS ಪಟ್ಟಿ ತೆಗೆದು ನೋಡಿ ಕೇಳಿದರು: "ಈ ಆರು ಸಾವಿರ ನಿಮ್ಮ ಹೆಸರಲ್ಲಿ ಸರ್ಕಾರಕ್ಕೆ ಹೋಗಿದೆ, ನಿಮ್ಮದೇ ದುಡ್ಡು. ಪುಸ್ತಕದಲ್ಲಿ ಎಲ್ಲಿದೆ ಮೇಡಂ?" ಆದಾಯ ಅಂದರೆ ಬಿಲ್ಲಿನ 60,000. 6,000 ಖರ್ಚೂ ಅಲ್ಲ, ಮನೆಗೆ ತೆಗೆದದ್ದೂ ಅಲ್ಲ, ಮೊದಲೇ ಕಟ್ಟಿಬಿಟ್ಟ ತೆರಿಗೆ. ಪೂರ್ತಿ ಬಿಲ್ ತೋರಿಸದೆ ಆ 6,000ವನ್ನು ರಿಟರ್ನ್‌ನಲ್ಲಿ ಪಡೆಯಲು ಹೋದರೆ ಲೆಕ್ಕ ತಾಳೆ ಆಗುವುದಿಲ್ಲ.

ಇನ್ನೊಂದು ತಪ್ಪು ಎಟಿಎಂನದು. 5,000 ತೆಗೆದರೆ "ಖರ್ಚು 5,000" ಅಂತ ಬರೆಯುತ್ತಿದ್ದೆ. ಅದರಲ್ಲಿ 1,200 ಪ್ರೆಸ್ಸಿಗೆ, ಮಿಕ್ಕದ್ದು ತರಕಾರಿ, ಹಾಲು, ಮಗಳ ಆಟೋ. ಮಾರ್ಚ್‌ನಲ್ಲಿ ಕೂತು ಬೇರ್ಪಡಿಸಲು ಆಗಲೇ ಇಲ್ಲ. ಖರ್ಚೇನೋ ಜಾಸ್ತಿ ಕಾಣುತ್ತಿತ್ತು, ರುಜುವಾತಿಗೆ ಬಿಲ್ ಇರಲಿಲ್ಲ.

ಒಂದೇ ಖಾತೆ, ಒಂದು ಶೀಟು

ಮರುವರ್ಷ ಶೀಟಿಗೆ ಬಂದೆ. ಕಾಲಂಗಳು ಎಂಟು: ತಾರೀಕು, ಯಾರು, ಬಿಲ್ ಮೊತ್ತ, ಟಿಡಿಎಸ್, ಬ್ಯಾಂಕಿಗೆ ಬಂದದ್ದು, ಕೆಲಸದ ಖರ್ಚು, ಮನೆಗೆ, ತೆರಿಗೆಗೆ. ಬಿಲ್ಲಿಗೂ ಬ್ಯಾಂಕಿಗೂ ಬೇರೆ ಕಾಲಂ ಇದ್ದದ್ದರಿಂದ ಮೊದಲನೇ ತಪ್ಪು ತಾನಾಗಿ ಹೋಯಿತು. ತಿಂಗಳ ಲಾಭ ಒಂದು ಸಾಲಿನಲ್ಲಿ ಸಿಗುತ್ತದೆ:

```
=SUM(C2:C40)-SUM(F2:F40)
```

ನಮ್ಮ ತಿಂಗಳಿಗೆ ಇದು 1,40,000ದಲ್ಲಿ 15,000 ಕಳೆದು 1,25,000. ಮನೆಗೆ ತೆಗೆದ 70,000 ಇದರೊಳಗೆ ಬರುವುದೇ ಇಲ್ಲ ನೋಡಿ. ಆಡಿಟರ್‌ಗಳು ಅದನ್ನು ಡ್ರಾಯಿಂಗ್ಸ್ ಅನ್ನುತ್ತಾರೆ. ಮನೆಗೆ 70,000 ತೆಗೆದರೂ 20,000 ತೆಗೆದರೂ ಲಾಭ ಅಷ್ಟೇ, ತೆರಿಗೆಯೂ ಅಷ್ಟೇ. ಆದಾಯ ತೆರಿಗೆ ಕಟ್ಟಿದ್ದು ಕೂಡ ಕೆಲಸದ ಖರ್ಚಲ್ಲ.

ಲ್ಯಾಪ್‌ಟಾಪ್ ಕೊಂಡಾಗ ಮಾತ್ರ ಎಚ್ಚರ ಬೇಕು. ನವೆಂಬರ್‌ನಲ್ಲಿ ಕೊಂಡ 80,000ದ ಯಂತ್ರವನ್ನು ಖರ್ಚಿನ ಕಾಲಂಗೆ ಪೂರ್ತಿ ಹಾಕಬಾರದು. ಕಂಪ್ಯೂಟರಿಗೆ ಸವಕಳಿ ಶೇ. 40, ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಅಂದರೆ ಆ ವರ್ಷಕ್ಕೆ 16,000 ಮಾತ್ರ.

ಶೀಟಿನ ಲೆಕ್ಕ ಸರಿಯಿತ್ತು. ಸೋತದ್ದು ಬೇರೆ ಕಡೆ. "ತೆರಿಗೆಗೆ" ಅನ್ನುವ ಕಾಲಂ ಬರೀ ಅಂಕಿ. ದುಡ್ಡು ಅದೇ ಖಾತೆಯಲ್ಲಿ ಎಲ್ಲದರ ಜೊತೆ ಕೂತಿತ್ತು. 2023ರ ಮಳೆಗಾಲ ಮುಗಿದ ಮೇಲೆ ಮನೆಯ ಚಾವಣಿ ರಿಪೇರಿ ಬಂತು, ಬ್ಯಾಲೆನ್ಸ್ ಇದೆಯಲ್ಲ ಅಂತ ಕೊಟ್ಟೆ. ಡಿಸೆಂಬರ್ 15ರ ಮುಂಗಡ ತೆರಿಗೆ ಕಂತಿಗೆ 30,000 ಕಡಿಮೆ ಬಿತ್ತು. ತಿಂಗಳಿಗೆ ಶೇ. 1ರಂತೆ ಮೂರು ತಿಂಗಳ ಬಡ್ಡಿ, 900 ರೂಪಾಯಿ. ಬಡ್ಡಿಗಿಂತ ಹೆಚ್ಚಾಗಿ ಮಾರ್ಚ್‌ನಲ್ಲಿ ಅಣ್ಣನ ಹತ್ತಿರ ಸಾಲ ಕೇಳಬೇಕಾಯಿತು, ಅದು ನನಗೆ ತುಂಬ ನೋವು ಕೊಟ್ಟಿತು.

ಈ ನಡುವೆ ಬಿಲ್ ಮಾಡುವ ಒಂದು ಆ್ಯಪನ್ನೂ ಎರಡು ತಿಂಗಳು ಬಳಸಿದೆ. ಬಿಲ್ ಚೆನ್ನಾಗಿ ಬರುತ್ತಿತ್ತು. ತಿಂಗಳಿಗೆ ಮೂರು ನಾಲ್ಕು ಬಿಲ್ ಮಾಡುವ ನನಗೆ ಅದರ ಅಗತ್ಯ ಕಾಣಲಿಲ್ಲ.

ಮೂರು ಖಾತೆ, ಅದೇ ಶೀಟು

2024ರ ಏಪ್ರಿಲ್‌ನಿಂದ ಹೀಗೆ ನಡೆದಿದೆ, ಇನ್ನು ಬಿಡುವುದಿಲ್ಲ. ಕೆಲಸದ ಖಾತೆ, ಮನೆಯ ಖಾತೆ, ತೆರಿಗೆಯ ಖಾತೆ. ಎಲ್ಲ ಬಿಲ್ಲಿನ ದುಡ್ಡು ಮೊದಲನೆಯದಕ್ಕೆ. ತಿಂಗಳ 1ನೇ ತಾರೀಕು ಮನೆಗೆ ಒಂದೇ ಸಲ 70,000. ತೆರಿಗೆಯ ಖಾತೆಗೆ ಡೆಬಿಟ್ ಕಾರ್ಡೂ ಇಲ್ಲ, ಯುಪಿಐಗೂ ಸೇರಿಸಿಲ್ಲ.

ತೆರಿಗೆಗೆ ಎಷ್ಟು ಎತ್ತಿಡಬೇಕು? ತಿಂಗಳಿಗೆ 1,25,000 ಅಂದರೆ ವರ್ಷಕ್ಕೆ 15 ಲಕ್ಷ ಲಾಭ. 2025-26ರ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ಏನಿಲ್ಲ, 8 ಲಕ್ಷದವರೆಗೆ ಶೇ. 5ರಂತೆ 20,000, 12 ಲಕ್ಷದವರೆಗೆ ಶೇ. 10ರಂತೆ 40,000, ಮೇಲಿನ 3 ಲಕ್ಷಕ್ಕೆ ಶೇ. 15ರಂತೆ 45,000. ಶೇ. 4 ಸೆಸ್ ಸೇರಿದರೆ ಒಟ್ಟು 1,09,200. ಅಂದರೆ ಲಾಭದ ಶೇ. 7ಕ್ಕಿಂತ ಸ್ವಲ್ಪ ಜಾಸ್ತಿ. ನಾನು ಶೇ. 8 ಹಿಡಿಯುತ್ತೇನೆ. ಈ ತಿಂಗಳಿಗೆ 10,000 ಆಯಿತು, ಅದರಲ್ಲಿ 6,000 ಟಿಡಿಎಸ್ ಆಗಲೇ ಹೋಗಿದೆ. ಮಿಕ್ಕ 4,000 ತೆರಿಗೆ ಖಾತೆಗೆ. ಇಷ್ಟೇ ಲಾಭ ಟಿಡಿಎಸ್ ಹಿಡಿಯದವರಿಂದಲೇ ಬಂದ ತಿಂಗಳಲ್ಲಿ ಪೂರ್ತಿ 10,000 ಹಾಕಬೇಕು. ಬಂದ ದುಡ್ಡಿಗೆಲ್ಲ ಒಂದೇ ಶೇಕಡಾ ಹಾಕಿದರೆ ಇದೇ ತಪ್ಪಿಹೋಗುತ್ತದೆ.

ಈ ಶೇ. 8 ಎಲ್ಲರಿಗೂ ಹೊಂದುವುದಿಲ್ಲ. ವರ್ಷದ ಆದಾಯ 12 ಲಕ್ಷದೊಳಗಿದ್ದರೆ ಹೊಸ ಪದ್ಧತಿಯ ರಿಯಾಯಿತಿಯಿಂದ ಇಂಥ ದುಡಿಮೆಗೆ ತೆರಿಗೆಯೇ ಬರುವುದಿಲ್ಲ. 18 ಲಕ್ಷಕ್ಕೆ ಏರಿದರೆ ಶೇ. 9 ದಾಟುತ್ತದೆ. ಅದಕ್ಕೇ ಸೆಪ್ಟೆಂಬರ್ ಕಂತಿನ ಮುಂಚೆ ಒಮ್ಮೆ ಮತ್ತೆ ಲೆಕ್ಕ ಹಾಕುತ್ತೇನೆ. ಕಂತುಗಳು ಜೂನ್ 15ಕ್ಕೆ ಶೇ. 15, ಸೆಪ್ಟೆಂಬರ್ 15ಕ್ಕೆ 45, ಡಿಸೆಂಬರ್ 15ಕ್ಕೆ 75, ಮಾರ್ಚ್ 15ಕ್ಕೆ ಪೂರ್ತಿ.

ತಿಂಗಳ ಕೊನೆಗೆ ಒಂದು ತಾಳೆ ನೋಡುತ್ತೇನೆ. ಕೆಲಸದ ಖಾತೆಯಲ್ಲಿ ತಿಂಗಳ ಶುರುವಿಗೆ 62,000 ಇತ್ತು ಅಂದರೆ, ಬಂದ 1,34,000 ಕೂಡಿ, ಖರ್ಚು 15,000, ಮನೆಗೆ 70,000, ತೆರಿಗೆಗೆ 4,000 ಕಳೆದರೆ 1,07,000 ಇರಬೇಕು. ಪಾಸ್‌ಬುಕ್ಕಿನಲ್ಲಿ ಬೇರೆ ಇದ್ದರೆ ಯಾವುದೋ ಸಾಲು ಬಿಟ್ಟುಹೋಗಿದೆ. ನನಗೆ ಹೆಚ್ಚಾಗಿ ಸಿಗುವುದು ಯುಪಿಐ ತಪ್ಪು. ಫೋನಿನಲ್ಲಿ ಕೆಲಸದ ಖಾತೆ ಮೊದಲಿಗಿದ್ದು, ಕಿರಾಣಿ ಅಂಗಡಿಯ 640 ಅಲ್ಲಿಂದ ಹೋಗಿರುತ್ತದೆ. ಅದನ್ನು ಅವತ್ತೇ "ಮನೆಗೆ" ಕಾಲಂಗೆ ಬರೆದರೆ ಸಾಕು, ವಾಪಸ್ ಹಾಕಬೇಕಿಲ್ಲ. ಮನೆಯ ಖಾತೆಯಿಂದ ಪ್ರೆಸ್ಸಿಗೆ ಕೊಟ್ಟಿದ್ದರೆ "ಖರ್ಚು" ಅಂತ ಬರೆದು, ಅಷ್ಟೇ ಮೊತ್ತವನ್ನು ಕೆಲಸದ ಖಾತೆಯಿಂದ ಮನೆಯ ಖಾತೆಗೆ ಕಳಿಸುತ್ತೇನೆ. ಆ ವರ್ಗಾವಣೆಯನ್ನು "ಮನೆಗೆ" ಕಾಲಂನಲ್ಲಿ ಬರೆಯುವುದಿಲ್ಲ, ಬರೆದರೆ ಎರಡು ಸಲ ಎಣಿಸಿದಂತೆ.

ಇದರಲ್ಲೂ ತೊಡಕಿದೆ. ಮೂರು ಖಾತೆಗೂ ಕನಿಷ್ಠ ಬ್ಯಾಲೆನ್ಸ್ ನೋಡಿಕೊಳ್ಳಬೇಕು, ವಹಿವಾಟು ಬೆಳೆದರೆ ಬ್ಯಾಂಕಿನವರು ಕರೆಂಟ್ ಅಕೌಂಟ್ ಮಾಡಿಸಿ ಅನ್ನಬಹುದು. ತೆರಿಗೆ ಖಾತೆಗೆ ಬಂದ ಬಡ್ಡಿಯನ್ನೂ ರಿಟರ್ನ್‌ನಲ್ಲಿ ತೋರಿಸಬೇಕು. ತಿಂಗಳಿಗೆ ಹತ್ತು ಸಾವಿರ, ಹದಿನೈದು ಸಾವಿರ ದುಡಿಯುವ ಶುರುವಿನ ದಿನಗಳಲ್ಲಿ ಎರಡು ಖಾತೆ, ಒಂದು ಶೀಟು ಸಾಕು ಅನ್ನುವುದು ನನ್ನ ಅಭಿಪ್ರಾಯ. ಹಳೇ ನೋಟ್‌ಬುಕ್ ಇನ್ನೂ ಚೀಲದಲ್ಲಿದೆ. ಪ್ರೆಸ್ಸಿನಲ್ಲಿ ನಗದು ಕೊಟ್ಟ ಕೂಡಲೇ ಅದರಲ್ಲಿ ಗೀಚಿ, ಬಿಲ್ಲನ್ನು ಅದೇ ಪುಟಕ್ಕೆ ಪಿನ್ ಮಾಡಿ, ಸಂಜೆ ಶೀಟಿಗೆ ಏರಿಸುತ್ತೇನೆ.