ಹೇಳಿದವರು ಅವರು, ಸಾರಾಂಶದಲ್ಲಿ ಹೆಸರು ನನ್ನದು

ಆನ್‌ಲೈನ್ ಮೀಟಿಂಗ್ ಮುಗಿದ ಕೂಡಲೇ ಎಐ ಟೂಲ್ ಬರೆದು ಕಳಿಸುವ ಸಾರಾಂಶವನ್ನು ಹಾಗೇ ಒಪ್ಪಿಕೊಳ್ಳಬೇಡಿ. ದುಡ್ಡು, ತಾರೀಖು, ಜವಾಬ್ದಾರಿಯ ಮಾತಿದ್ದರಂತೂ ಬೇಡವೇ ಬೇಡ. ನಮ್ಮ ಚಿಕ್ಕ ಬಾಕ್ಸ್ ಘಟಕಕ್ಕೆ ಇದರಿಂದ ಆದ ತೊಂದರೆಯನ್ನು ವಿವರವಾಗಿ ಬರೆಯುತ್ತಿದ್ದೇನೆ. ಬೇರೆ ಯಾರಿಗೂ ಹೀಗಾಗಬಾರದು.

ಒಂದು ಸಿಹಿತಿಂಡಿ ಕಂಪನಿಯವರು ದೀಪಾವಳಿಗೆ 5,000 ಬಾಕ್ಸ್ ಕೇಳಿದ್ದರು. ಅವರ ಪರ್ಚೇಸ್ ಆಫೀಸರ್ ನಮ್ಮ ಆಫೀಸಿಗೇ ಬಂದಿದ್ದರು. ಮಾಲೀಕರೂ ಅಕೌಂಟೆಂಟೂ ಅವರ ಊರಿಂದ ವೀಡಿಯೊ ಕಾಲ್‌ನಲ್ಲಿ ಸೇರಿದರು. ಈ ಕಡೆ ನಾನು, ನಮ್ಮ ಸೂಪರ್‌ವೈಸರ್, ಆ ಆಫೀಸರ್ ಮೂವರೂ ನನ್ನ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆವು. ಮೀಟಿಂಗ್ ಕರೆದವರು ಅವರು. ಹಾಗಾಗಿ ಸಾರಾಂಶ ಅವರ ಕಂಪನಿಯವರಿಗೆ ಮಾತ್ರ ಹೋಯಿತು. ನಮ್ಮ ಬಿಲ್‌ನಲ್ಲಿ ಹಣ ಹಿಡಿದುಕೊಂಡು, ಕಾರಣ ಅಂತ ಅದನ್ನು ಲಗತ್ತಿಸಿದಾಗಲೇ ನಾನು ಅದನ್ನು ಮೊದಲು ನೋಡಿದ್ದು.

ಅದರಲ್ಲಿ ನನ್ನ ಹೆಸರಿನ ಕೆಳಗೆ ಮೂರು ಸಾಲು ಇದ್ದವು. ಅಕ್ಟೋಬರ್ 10ರೊಳಗೆ ಮಾಲು ತಲುಪಿಸಲು ಒಪ್ಪಿದ್ದಾರೆ. ಲಾರಿ ಬಾಡಿಗೆ ಅವರೇ ಕೊಡುತ್ತಾರೆ. ತಡವಾದರೆ ಬಿಲ್‌ನಲ್ಲಿ ಕಡಿತ ಮಾಡಬಹುದು.

ರೆಕಾರ್ಡಿಂಗ್ ಕೇಳಿಸಿಕೊಳ್ಳಲು ಅವಕಾಶ ಕೊಡಿ ಎಂದು ಹಟ ಹಿಡಿದೆ. ಲಾರಿಯ ಮಾತು ಸಿಕ್ಕಿತು. 'ಗಾಡಿ ನಾವೇ ಕಳಿಸ್ತೀವಿ ಬಿಡಿ' ಎಂದವರು ನನ್ನ ಪಕ್ಕ ಕೂತಿದ್ದ ಅವರದೇ ಆಫೀಸರ್! ಇಂಥ ಕಾಲ್‌ಗಳಲ್ಲಿ ಎಷ್ಟೋ ಟೂಲ್‌ಗಳು ದನಿಯನ್ನು ಗುರುತಿಸುವುದಿಲ್ಲ, ಯಾವ ಲಾಗಿನ್‌ನಿಂದ ಸದ್ದು ಬಂತು ಅಂತ ನೋಡಿ ಹೆಸರು ಹಾಕುತ್ತವೆ. ಲಾಗಿನ್ ನನ್ನದು, ಆದ್ದರಿಂದ 'ನಾವೇ' ಅಂದರೆ ನಾವಾದೆವು.

ತಾರೀಖಿನ ಕಥೆ ಬೇರೆ. ನಮ್ಮ ಸೂಪರ್‌ವೈಸರ್ ಹೇಳಿದ್ದು 'ಮಿಲ್ಲಿಂದ ಬೋರ್ಡ್ ಬಂದ್ರೆ ಹತ್ತಕ್ಕೆ ಕೊಡಬಹುದು' ಎಂದು. ಮೀಟಿಂಗ್‌ನ ಮಾತನ್ನೆಲ್ಲ ಟೂಲ್ ಇಳಿಸಿಕೊಂಡ ಬರಹ ರೂಪದಲ್ಲಿ ಆ ಸಾಲಿನ ಮೊದಲರ್ಧ ಅರ್ಥವಿಲ್ಲದ ಇಂಗ್ಲಿಷ್ ಪದಗಳಾಗಿತ್ತು. ಭಾಷೆ ಇಂಗ್ಲಿಷ್ ಅಂತ ಸೆಟ್ ಮಾಡಿದ್ದರು, ಮಾತಾಡಿದ್ದು ಕನ್ನಡ, ಇಂಗ್ಲಿಷ್ ಎರಡೂ ಬೆರೆಸಿ. 'ಬಂದ್ರೆ' ಅನ್ನುವ ಷರತ್ತು ಹಾರಿಹೋಗಿ ಬರೀ ಹತ್ತನೇ ತಾರೀಖು ಉಳಿಯಿತು.

ಕಡಿತದ ಮಾತನ್ನು ಮಾತ್ರ ಎಲ್ಲೂ ಯಾರೂ ಆಡಿರಲಿಲ್ಲ. 'ಹಬ್ಬ ಮುಗಿದ ಮೇಲೆ ಬಾಕ್ಸ್ ಬಂದು ಏನು ಪ್ರಯೋಜನ' ಎಂದು ಮಾಲೀಕರು ಹೇಳಿದ್ದರು, ಅಷ್ಟೇ. ಆರ್ಡರ್ ಮಾತುಕತೆಗಳಲ್ಲಿ ಸಾಮಾನ್ಯವಾಗಿ ಇರುವಂಥದ್ದನ್ನು ಟೂಲ್ ತಾನೇ ಸೇರಿಸಿಬಿಟ್ಟಿತ್ತು. ಇದು ಅಪರೂಪವೂ ಅಲ್ಲ. ಮಾತನ್ನು ಬರಹಕ್ಕೆ ಇಳಿಸುವ ವಿಸ್ಪರ್ ಎಂಬ ಹೆಸರಾದ ಮಾದರಿಯನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಿದರು. ಅವರು ನೋಡಿದ ಧ್ವನಿ ತುಣುಕುಗಳಲ್ಲಿ ಸುಮಾರು ನೂರಕ್ಕೆ ಒಂದರಲ್ಲಿ ಯಾರೂ ಆಡದ ಮಾತುಗಳಿದ್ದವು. ಮಾತಿನ ನಡುವೆ ಮೌನ ಜಾಸ್ತಿ ಇದ್ದಲ್ಲಿ ಹೀಗಾಗುವ ಸಂಭವ ಹೆಚ್ಚು.

ಈಗ ನಾನು ಪರಿಶೀಲಿಸುವ ಕ್ರಮ ಹೇಳುತ್ತೇನೆ. ಇಡೀ ಸಾರಾಂಶವನ್ನು ಕೆದಕಲು ಸಮಯ ಇರುವುದಿಲ್ಲ, ಅಲ್ವಾ? ಯಾರು, ಏನು, ಎಷ್ಟು, ಯಾವಾಗ ಎಂದು ಇರುವ ಸಾಲುಗಳನ್ನಷ್ಟೇ ಆರಿಸಿಕೊಳ್ಳುತ್ತೇನೆ. ಕೊನೆಯಲ್ಲಿ ಬರುವ 'ಮುಂದಿನ ಕೆಲಸಗಳು' ಪಟ್ಟಿಯಿಂದಲೇ ಶುರು. ಪ್ರತಿ ಕೆಲಸಕ್ಕೂ ಒಂದು ಹೆಸರು, ಒಂದು ತಾರೀಖು ಬೇಕು ಅಂತ ಅಲ್ಲಿ ಜಾಗ ಇರುತ್ತದೆ. ಮಾತಿನಲ್ಲಿ ಅದು ತೀರ್ಮಾನ ಆಗದಿದ್ದರೂ ಜಾಗ ತುಂಬಿಬಿಡುತ್ತದೆ.

ಒಂದೊಂದು ಸಾಲಿಗೂ ಬರಹ ರೂಪದಲ್ಲಿ ಅದು ಎಷ್ಟನೇ ನಿಮಿಷದಲ್ಲಿದೆ ಅಂತ ಹುಡುಕುತ್ತೇನೆ. ಅಂಕಿಯನ್ನು '10' ಅಂತಲೂ 'ಹತ್ತು' ಅಂತಲೂ 'ಟೆನ್' ಅಂತಲೂ ಹುಡುಕಬೇಕು. ಸಿಕ್ಕ ಜಾಗಕ್ಕಿಂತ ಅರ್ಧ ನಿಮಿಷ ಹಿಂದಿನಿಂದ ಆಡಿಯೊ ಕೇಳುತ್ತೇನೆ. ಕೇಳುವುದನ್ನು ಬಿಡಬೇಡಿ. ಬರಹ ರೂಪವೇ ತಪ್ಪಿದ್ದರೆ ಸಾರಾಂಶ ಅದಕ್ಕೆ ಸರಿಯಾಗೇ ಹೊಂದುತ್ತದೆ, ತಪ್ಪು ಗೊತ್ತಾಗುವುದೇ ಇಲ್ಲ. 'ಕೊಡ್ತೀವಿ', 'ಕೊಡ್ತೀರಿ' ಒಂದೇ ಅಕ್ಷರದ ವ್ಯತ್ಯಾಸ, ಅದು ತಪ್ಪಿದರೆ ಕೊಡುವವರೇ ಬದಲಾಗುತ್ತಾರೆ. ಆಡಿಯೊದಲ್ಲೂ ಎಲ್ಲೂ ಸಿಗದ ಸಾಲು ಟೂಲ್ ಸೇರಿಸಿದ್ದು ಅಂತಲೇ ಲೆಕ್ಕ.

ತಪ್ಪು ಕಂಡರೆ ಅವತ್ತೇ ಎಲ್ಲರಿಗೂ ಮೇಲ್ ಹಾಕಿ. ನಾನು ಹೀಗೆ ಬರೆಯುತ್ತೇನೆ: 'ಲಾರಿ ಬಾಡಿಗೆ ನಮ್ಮದು ಎಂದು ಸಾರಾಂಶದಲ್ಲಿದೆ. 23ನೇ ನಿಮಿಷದಲ್ಲಿ ಆ ಮಾತು ಹೇಳಿದವರು ನಿಮ್ಮ ಪರ್ಚೇಸ್ ಆಫೀಸರ್. ದಯವಿಟ್ಟು ತಿದ್ದಿ ಕಳಿಸಿ.' ಮೀಟಿಂಗ್ ಬೇರೆಯವರು ಕರೆದಿದ್ದರೆ ಸಾರಾಂಶ ನಮಗೂ ಬರುವಂತೆ ಮೊದಲೇ ಕೇಳಿ. ಒಂದೇ ಲ್ಯಾಪ್‌ಟಾಪ್ ಮುಂದೆ ಎರಡು ಕಡೆಯವರು ಕೂರಬೇಡಿ. ಅವರವರ ಫೋನ್‌ನಿಂದ, ಇಯರ್‌ಫೋನ್ ಹಾಕಿಕೊಂಡು ಸೇರಲಿ. ರೆಕಾರ್ಡಿಂಗ್ ಕೆಲವು ಕಡೆ ಸ್ವಲ್ಪ ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ, ತಡ ಮಾಡಬೇಡಿ.

ರೆಕಾರ್ಡಿಂಗ್ ಕೇಳಿದ ಮೇಲೆ ನಮಗೆ ಲಾರಿ ಬಾಡಿಗೆ ವಾಪಸ್ ಬಂತು. ಕಡಿತದ ಹಣದಲ್ಲಿ ಅರ್ಧ ಮಾತ್ರ ಕೊಟ್ಟಿದ್ದಾರೆ. ಉಳಿದದ್ದಕ್ಕೆ ಇನ್ನೂ ಪತ್ರ ವ್ಯವಹಾರ ನಡೆಯುತ್ತಿದೆ.