ಪ್ಲೇನ್ ಕಾರ್ಬನ್, ಡೆಪ್ಟ್-135, ಡೆಪ್ಟ್-90: ಒಂದೇ ಸ್ಯಾಂಪಲ್‌ಗೆ ಮೂರೂ ಹಾಕಿ ನೋಡಿದ್ದು

ಸ್ಯಾಂಪಲ್ C12H14O4, ಬೆಂಜೀನ್ ರಿಂಗ್ ಮೇಲೆ ಎರಡು ಎಥಿಲ್ ಎಸ್ಟರ್ ಇದೆ ಅನ್ನೋವರೆಗೂ ಗೊತ್ತಿತ್ತು, ಆದ್ರೆ ಅವು ಆರ್ಥೋನೋ ಮೆಟಾನೋ ಪ್ಯಾರಾನೋ ಗೊತ್ತಿರ್ಲಿಲ್ಲ. CDCl3ನಲ್ಲಿ ಕರಗಿಸಿ ಒಂದೇ ಟ್ಯೂಬ್‌ನಲ್ಲಿ ಈ ಮೂರೂ ಕಾರ್ಬನ್ NMR ಪ್ರಯೋಗ ರನ್ ಮಾಡ್ದೆ.

ಪ್ಲೇನ್ ಕಾರ್ಬನ್‌ನಲ್ಲಿ, 77ರ ಹತ್ರ ಬರೋ ಸಾಲ್ವೆಂಟ್ ಗೆರೆಗಳನ್ನ ಬಿಟ್ರೆ, ಐದೇ ಪೀಕ್: ಸುಮಾರು 166, 134, 129.5, 61, 14 ಪಿಪಿಎಂ. ಕಾರ್ಬನ್ ಹನ್ನೆರಡು, ಪೀಕ್ ಐದು, ಮಿಕ್ಕಿದ್ದೆಲ್ಲಿ? ಅಣುನ ತಿರುಗಿಸಿದಾಗ ಒಂದು ಕಾರ್ಬನ್ ಇನ್ನೊಂದರ ಜಾಗಕ್ಕೆ ಬಂದು ಕೂತು ಏನೂ ಬದಲಾಗಿಲ್ಲ ಅನ್ಸಿದ್ರೆ ಆ ಎರಡಕ್ಕೂ ಸುತ್ತಲಿನ ಎಲೆಕ್ಟ್ರಾನ್ ಪರಿಸರ ಒಂದೇ, ಹಾಗಾಗಿ ಎರಡೂ ಒಂದೇ ಪೀಕ್‌ನಲ್ಲಿ ಬರ್ತವೆ. ಎರಡು ಎಸ್ಟರ್ ಗುಂಪು ಸೇರಿ ಮೂರೇ ಪೀಕ್ ಕೊಡ್ತವೆ. ರಿಂಗ್ ಕಡೆಯಿಂದ ಆರ್ಥೋ ಆದ್ರೆ ಮೂರು, ಮೆಟಾ ಆದ್ರೆ ನಾಲ್ಕು, ಪ್ಯಾರಾ ಆದ್ರೆ ಎರಡು. ಒಟ್ಟು ಐದು ಬರೋದು ಪ್ಯಾರಾದಲ್ಲಿ ಮಾತ್ರ.

ಆದ್ರೆ ಪೀಕ್ ಕಮ್ಮಿ ಅಂದ್ರೆ ಯಾವಾಗ್ಲೂ ಸಿಮೆಟ್ರಿನೇ ಅಂತಲ್ಲ. ಆರ್ಥೋದ ಎರಡು CH ಒಂದರ ಮೇಲೊಂದು ಬಿದ್ದಿದ್ರೂ ಐದೇ ಕಾಣ್ತಿತ್ತು, ಇಲ್ಲಾ H ಇಲ್ಲದ ಕಾರ್ಬನ್ ನಾಯ್ಸ್‌ನಲ್ಲಿ ಮುಳುಗಿರಬಹುದು, ಯಾಕಂದ್ರೆ ಅದು ನಿಧಾನ ರಿಲ್ಯಾಕ್ಸ್ ಆಗುತ್ತೆ, ಪಕ್ಕದ H ಕೊಡೋ ಬಲವೂ ಸಿಗಲ್ಲ. ಅದಕ್ಕೇ ಪೀಕ್ ಎತ್ತರ ನೋಡಿ ಕಾರ್ಬನ್ ಎಣಿಸಬೇಡಿ. ನಾನು ಪ್ರೋಟಾನ್ ಸ್ಪೆಕ್ಟ್ರಮ್ ತೆಗೆದು ನೋಡಿದೆ, ರಿಂಗ್‌ನ ನಾಲ್ಕೂ H 8.1ರ ಹತ್ರ ಒಂದೇ ಸಿಂಗ್ಲೆಟ್, ಪ್ಯಾರಾನೇ.

ಡೆಪ್ಟ್ ಬೇರೆ ಥರ ಕೆಲ್ಸ ಮಾಡುತ್ತೆ. H ಇಂದ ಅದಕ್ಕೆ ಅಂಟಿರೋ ಕಾರ್ಬನ್‌ಗೆ ಸಿಗ್ನಲ್ ದಾಟಿಸುತ್ತೆ, ಅದಕ್ಕೆ H ಇಲ್ಲದ ಕಾರ್ಬನ್ ಕಾಣೋದೇ ಇಲ್ಲ. ಹೆಸರಲ್ಲಿರೋ ನಂಬರ್ ಕೊನೇ ಪ್ರೋಟಾನ್ ಪಲ್ಸ್‌ನ ಕೋನ, CH, CH2, CH3 ಮೂರೂ ಆ ಕೋನಕ್ಕೆ ಬೇರೆ ಬೇರೆ ಥರ ಸ್ಪಂದಿಸ್ತವೆ. ಡೆಪ್ಟ್-135ನಲ್ಲಿ 166, 134 ಎರಡೂ ಮಾಯ, ಜೊತೆಗೆ ಸಾಲ್ವೆಂಟ್ ಕೂಡ ಹೋಯ್ತು (ಅದರಲ್ಲಿರೋದು ಡ್ಯೂಟೀರಿಯಂ ತಾನೇ). 61 ಕೆಳಗೆ ತಿರುಗಿತ್ತು, ಅಂದ್ರೆ OCH2. 129.5, 14 ಮೇಲೇ ಇದ್ವು, ಅಂದ್ರೆ CH ಅಥವಾ CH3.

ಡೆಪ್ಟ್-90ನಲ್ಲಿ CH ಮಾತ್ರ ಉಳಿಯುತ್ತೆ, ಇಲ್ಲಿ 129.5 ಒಂದೇ. ನಿಜ ಹೇಳ್ಬೇಕಂದ್ರೆ ಈ ಸ್ಯಾಂಪಲ್‌ಗೆ ಅದು ದಂಡ, 14ರಲ್ಲಿರೋದು CH3 ಅಂತ ಶಿಫ್ಟ್ ನೋಡಿದ್ರೇ ಗೊತ್ತಾಗುತ್ತೆ. ಟರ್ಪೀನ್ ಥರದ್ದು, 20-40ರಲ್ಲಿ CH, CH3 ಎಲ್ಲಾ ಕಲಸಿಕೊಂಡಿದ್ರೆ ಮಾತ್ರ ಹಾಕಿ. ಆಗ್ಲೂ CH2, CH3 ಜಾಗದಲ್ಲಿ ಸಣ್ಣ ಪೀಕ್ ಉಳಿದಿದ್ರೆ ಅದನ್ನ CH ಅಂದ್ಕೊಳ್ಳೋ ಮುಂಚೆ ಪ್ರೋಟಾನ್ ಪಲ್ಸ್ ಕ್ಯಾಲಿಬ್ರೇಶನ್ ಚೆಕ್ ಮಾಡಿ, ಕೋನ ಸರಿಯಾಗಿ 90 ಇಲ್ದಿದ್ರೆ ಅವೂ ಸೋರ್ತವೆ.